ಗುರುವಾರ ರಾತ್ರಿ ಡ್ಯೂಟಿ ಯಾರದು?

ನಾನು ಒಂದು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಸಿಸ್ಟರ್. ಆಸ್ಪತ್ರೆ ಹೆಸರು ಬೇಡ. ನಲವತ್ತು ಬೆಡ್ಡಿನ ಆಸ್ಪತ್ರೆ ಅಂದುಕೊಳ್ಳಿ, ಸಾಕು. ವಾರ್ಡಿನ ಡ್ಯೂಟಿ ಲಿಸ್ಟ್ ಬರೆಯೋದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಬರೀತಿದ್ದೀನಿ. ಇವತ್ತು ಆ ಹಾಳೆಯ ಬಗ್ಗೆ ಮಾತಾಡೋಣ ಅಂತ ಬಂದೆ. ನಾನೇ ಬರೆದ ಹಾಳೆ ಒಂದು ರಾತ್ರಿ ನನ್ನ ಕೈ ಕೊಟ್ಟಿತು, ಅಲ್ಲಿಂದಲೇ ಶುರು ಮಾಡ್ತೀನಿ.

2024ರ ದೀಪಾವಳಿ ನೆನಪಿದೆಯಲ್ಲ? ಅಕ್ಟೋಬರ್ 31 ಗುರುವಾರ ನರಕ ಚತುರ್ದಶಿ, ನವೆಂಬರ್ 1 ಶುಕ್ರವಾರ ರಾಜ್ಯೋತ್ಸವ, 2ನೇ ತಾರೀಕು ಶನಿವಾರ ಬಲಿಪಾಡ್ಯಮಿ, 3 ಭಾನುವಾರ. ಸಾಲಾಗಿ ನಾಲ್ಕು ದಿನ ರಜೆ. ಆ ವರ್ಷ ಇನ್ನೊಂದು ತಮಾಷೆ ಇತ್ತು. ಅಮಾವಾಸ್ಯೆ ಗುರುವಾರ ಮಧ್ಯಾಹ್ನದ ಮೇಲೆ ಶುರುವಾಗಿ ಶುಕ್ರವಾರ ಸಂಜೆ ಮುಗೀತು. ಹಾಗಾಗಿ ಕೆಲವರ ಮನೆಯಲ್ಲಿ ಲಕ್ಷ್ಮೀ ಪೂಜೆ ಗುರುವಾರ ರಾತ್ರಿ, ಇನ್ನು ಕೆಲವರ ಮನೆಯಲ್ಲಿ ಶುಕ್ರವಾರ. ಇದು ಡ್ಯೂಟಿ ಲಿಸ್ಟಿಗೆ ಸಂಬಂಧಪಟ್ಟ ವಿಷಯ ಅಂತ ನನಗೆ ಆಗ ಹೊಳೆದಿರಲಿಲ್ಲ.

ನಮ್ಮಲ್ಲಿ ಮೂರು ಶಿಫ್ಟ್. ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಮರುದಿನ ಬೆಳಗ್ಗೆ 8. ವಾರ್ಡಿಗೆ ಬೆಳಗ್ಗೆ ಇಬ್ಬರು, ಸಂಜೆ ಇಬ್ಬರು, ರಾತ್ರಿ ಒಬ್ಬರು. ಲಿಸ್ಟ್ ತಿಂಗಳಿಗೊಂದು. ಎಡಗಡೆ ಹೆಸರು, ಮೇಲೆ ತಾರೀಕು, ಚೌಕದೊಳಗೆ ಎಂ, ಇ, ಎನ್, ಓ. ಅಂದರೆ ಮಾರ್ನಿಂಗ್, ಈವ್ನಿಂಗ್, ನೈಟ್, ಆಫ್. ಬಹುಪಾಲು ಆಸ್ಪತ್ರೆಗಳಲ್ಲಿ ಹೀಗೇ ಇರುತ್ತೆ.

ಹೆಸರು ಹೇಳೋದು ಬೇಡ, ಒಬ್ಬರನ್ನ ಸಿಸ್ಟರ್ ಕ, ಇನ್ನೊಬ್ಬರನ್ನ ಸಿಸ್ಟರ್ ಖ ಅಂತ ಕರೀತೀನಿ. ಸಿಸ್ಟರ್ ಕ ಅವರಿಗೆ 31, 1, 2 ಮೂರೂ ದಿನ ನೈಟ್ ಇತ್ತು. ವಾರ ಮೊದಲೇ ಅವರು ಗ್ರೂಪಲ್ಲಿ ಹಾಕಿದರು: "ಅಮಾವಾಸ್ಯೆ ರಾತ್ರಿ ನಂಗೆ ಆಗಲ್ಲ, ಮನೇಲಿ ಪೂಜೆ. ಯಾರಾದ್ರೂ ಅಡ್ಜಸ್ಟ್ ಮಾಡ್ಕೋತೀರಾ?" ಸಿಸ್ಟರ್ ಖ ಉತ್ತರ ಕೊಟ್ಟರು: "ನಾ ಬರ್ತೀನಿ ಅಕ್ಕ." ನಾನು ಅದರ ಕೆಳಗೆ ಹೆಬ್ಬೆರಳು ಒತ್ತಿದೆ. ಮುಗೀತು ಅಂದುಕೊಂಡೆ.

ಸಿಸ್ಟರ್ ಕ ಮನೆಯಲ್ಲಿ ಅಮಾವಾಸ್ಯೆ ಪೂಜೆ ಗುರುವಾರ. ಸಿಸ್ಟರ್ ಖ ಮನೆಯಲ್ಲಿ ಶುಕ್ರವಾರ ಸಂಜೆ ಬೇಗ ಪೂಜೆ ಮುಗಿಸಿ ಡ್ಯೂಟಿಗೆ ಬರೋದು ಅಂತ ಲೆಕ್ಕ. ಅವರು ಅನುಮಾನ ಪಡಲೂ ಕಾರಣ ಇರಲಿಲ್ಲ. ಯಾಕಂದ್ರೆ ಗುರುವಾರ ಮಧ್ಯಾಹ್ನ ನಾನು ಅಕ್ಟೋಬರ್ ಹಾಳೆ ಕಿತ್ತು ನವೆಂಬರ್ ಹಾಳೆ ಗೋಡೆಗೆ ಅಂಟಿಸಿದ್ದೆ. ಅದರಲ್ಲಿ ಮೊದಲ ಕಾಲಮ್ಮೇ 1ನೇ ತಾರೀಕು, ಸಿಸ್ಟರ್ ಕ ಎದುರಿಗೆ ಎನ್. ಸಿಸ್ಟರ್ ಖ ಅದನ್ನ ನೋಡಿ, ಹೌದು, ಇದೇ ರಾತ್ರಿ ಅಂತ ಖಾತ್ರಿ ಮಾಡ್ಕೊಂಡು ಮನೆಗೆ ಹೋದರು.

ಗುರುವಾರ ರಾತ್ರಿ ಎಂಟಾಯ್ತು. ನೈಟ್ ಸಿಸ್ಟರ್ ಬರಲಿಲ್ಲ. ಸಂಜೆ ಡ್ಯೂಟಿಯ ಇಬ್ಬರಲ್ಲಿ ಒಬ್ಬರಿಗೆ ಎಂಟೂ ಹತ್ತಕ್ಕೆ ಊರಿನ ಕೊನೆ ಬಸ್ಸು, ಹೊರಟರು. ಉಳಿದವಳು ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ. ಹಬ್ಬ ಅಲ್ವಾ, ಲೇಟಾಗಿ ಬರ್ತಾರೆ ಅಂತ ಕಾದಳು. ಸಿಸ್ಟರ್ ಕ ಊರಲ್ಲಿ ನೆಟ್‌ವರ್ಕ್ ಇಲ್ಲ. ಸಿಸ್ಟರ್ ಖಗೆ ಫೋನ್ ಮಾಡಬೇಕು ಅಂತ ಅವಳಿಗೆ ಗೊತ್ತೇ ಇಲ್ಲ, ಅವಳು ನೋಡಿದ ಹಾಳೆಯಲ್ಲಿ ಆ ಹೆಸರು ಇಲ್ಲ. ನನಗೆ ಫೋನ್ ಮಾಡಿದ್ದು ಹತ್ತೂ ಕಾಲಿಗೆ. "ಹಬ್ಬದ ದಿನ ಮೇಡಂಗೆ ಹೇಗೆ ತೊಂದ್ರೆ ಕೊಡೋದು ಅಂತ ಸುಮ್ನಿದ್ದೆ" ಅಂದಳು.

ವಾರ್ಡಲ್ಲಿ ಹತ್ತೊಂಬತ್ತು ಪೇಷೆಂಟ್ ಇದ್ದರು. ಒಬ್ಬರಿಗೆ ಮಧ್ಯಾಹ್ನ ತುರ್ತಾಗಿ ಅಪೆಂಡಿಕ್ಸ್ ಆಪರೇಷನ್ ಆಗಿತ್ತು, ಅರ್ಧ ಗಂಟೆಗೊಮ್ಮೆ ಬಿಪಿ, ನಾಡಿ ನೋಡಿ ಬರೆಯಬೇಕು. ಚಾರ್ಟಲ್ಲಿ ಎರಡು ಸಲದ್ದು ಖಾಲಿ. ಇನ್ನೊಬ್ಬರ ಹತ್ತು ಗಂಟೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಹೋಗಿದ್ದು ಹನ್ನೊಂದೂವರೆಗೆ, ಅದೂ ನಾನು ಬಂದ ಮೇಲೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಏನೂ ಆಗದೇ ಇದ್ದದ್ದಕ್ಕೆ ನನ್ನ ಲಿಸ್ಟ್ ಕಾರಣ ಅಲ್ಲ. ಆ ಹುಡುಗಿಯನ್ನ ಆಟೋ ಹತ್ತಿಸಿ ಮನೆಗೆ ಕಳಿಸಿ ಬೆಳಗ್ಗೆವರೆಗೆ ನಾನೇ ನೈಟ್ ಮಾಡಿದೆ.

ಆ ರಾತ್ರಿ ಸ್ಟೇಷನ್ ಟೇಬಲ್ ಮುಂದೆ ಕೂತು ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನ ಲಿಸ್ಟಲ್ಲಿ ಒಂದೂ ತಪ್ಪಿರಲಿಲ್ಲ ಕಣ್ರೀ. ಪ್ರತಿ ಚೌಕವೂ ಸರಿಯಾಗಿತ್ತು. ಆದರೂ ಆ ರಾತ್ರಿ ಯಾರದು ಅಂತ ಮೂರು ಜನ ಮೂರು ಥರ ತಿಳ್ಕೊಂಡಿದ್ದರು, ಮೂವರಿಗೂ ತಮ್ಮ ತಮ್ಮ ಕಾರಣ ಇತ್ತು.

ಮೊದಲ ತೊಂದರೆ ರಾತ್ರಿಯದೇ. ನೈಟ್ ಡ್ಯೂಟಿ ಎರಡು ತಾರೀಕಿನ ಮೇಲೆ ಕೂತಿರುತ್ತೆ. ನಮ್ಮ ಪಂಚಾಂಗದ ಪ್ರಕಾರ ವಾರ ಬದಲಾಗೋದು ಸೂರ್ಯೋದಯಕ್ಕೆ. ಮನೆಯಲ್ಲಿ ಅಜ್ಜಿಗೆ ಗುರುವಾರ ರಾತ್ರಿ ಒಂದು ಗಂಟೆ ಅಂದ್ರೆ ಇನ್ನೂ ಗುರುವಾರವೇ. ಫೋನಿಗೆ ಅದು ಶುಕ್ರವಾರ. ಹಾಗಾಗಿ "1ನೇ ತಾರೀಕು ರಾತ್ರಿ" ಅಂದಾಗ ಒಬ್ಬರು 31ರ ರಾತ್ರಿ ಹನ್ನೆರಡು ದಾಟಿದ ಮೇಲಿನದು ಅಂತ ತಿಳೀತಾರೆ, ಇನ್ನೊಬ್ಬರು 1ರ ಸಂಜೆ ಆದ ಮೇಲಿನದು ಅಂತ. ಇಬ್ಬರೂ ಸರಿ. "ರಾತ್ರಿ 12" ಅಂತ ಬರೆದರಂತೂ ಕತೆ ಮುಗೀತು, ಅದು ಯಾವ ದಿನದ ಹನ್ನೆರಡು ಅಂತ ಬರೆದವರಿಗೇ ಮರೆತಿರುತ್ತೆ.

ಈಗ ನಾನು ನೈಟ್ ಡ್ಯೂಟಿಯನ್ನ ಒಂದಕ್ಷರದಲ್ಲಿ ಬರೆಯಲ್ಲ. ಪೂರ್ತಿ ವಾಕ್ಯದಲ್ಲೇ ಬರೀತೀನಿ: "ಗುರುವಾರ 31 ಅಕ್ಟೋಬರ್ ರಾತ್ರಿ 8ರಿಂದ ಶುಕ್ರವಾರ 1 ನವೆಂಬರ್ ಬೆಳಗ್ಗೆ 8ರವರೆಗೆ: ಸಿಸ್ಟರ್ ಖ." ವಾರವೂ ಬೇಕು, ತಾರೀಕೂ ಬೇಕು. ತಾರೀಕು ತಪ್ಪಾಗಿ ಟೈಪ್ ಮಾಡಿದ್ದರೆ ವಾರಕ್ಕೂ ಅದಕ್ಕೂ ತಾಳೆ ಆಗಲ್ಲ, ಯಾರಾದರೂ ಕೇಳ್ತಾರೆ. ಒಂದೇ ಇದ್ದರೆ ತಪ್ಪು ಸಿಗೋದೇ ಇಲ್ಲ. ಇಡೀ ತಿಂಗಳಿಗೆ ಹೀಗೆ ಬರೆಯೋಕೆ ಜಾಗ ಸಾಲಲ್ಲ, ನಿಜ. ತಿಂಗಳ ಚಾರ್ಟಲ್ಲಿ ಎನ್ ಇರಲಿ, ಆದರೆ ಕೆಳಗೆ ದೊಡ್ಡದಾಗಿ ಒಂದು ಸಾಲು: "ಎನ್ ಅಂದರೆ ಆ ತಾರೀಕಿನ ರಾತ್ರಿ 8ಕ್ಕೆ ಶುರುವಾಗುವ ಡ್ಯೂಟಿ." ರಜೆ ದಿನಗಳಿಗೆ ಮಾತ್ರ ಬೇರೆ ಹಾಳೆ, ಅದರಲ್ಲಿ ಪೂರ್ತಿ ವಾಕ್ಯ.

ಹಬ್ಬದ ಹೆಸರನ್ನ ತಾರೀಕಿನ ಜಾಗದಲ್ಲಿ ಬರೆಯೋದನ್ನೂ ನಿಲ್ಲಿಸಿದೆ. ಅಮಾವಾಸ್ಯೆ ರಾತ್ರಿ, ಹಬ್ಬದ ಹಿಂದಿನ ದಿನ, ಜಾತ್ರೆ ಮಾರನೇ ದಿನ, ಇವೆಲ್ಲ ಮಾತಿಗೆ ಚೆಂದ. ರಂಜಾನ್ ಹಬ್ಬವಂತೂ ಚಂದ್ರ ಕಂಡ ಮೇಲೆ ಗೊತ್ತಾಗೋದು, ಆಗ ಹಾಳೆಯಲ್ಲಿ ಎರಡೂ ದಿನಕ್ಕೆ ಹೆಸರು ಬರೆದು, "ಹಬ್ಬ ಯಾವ ದಿನ ಬಂದರೂ ಈ ಡ್ಯೂಟಿ ಬದಲಾಗಲ್ಲ" ಅಂತಲೋ, "ಹಬ್ಬ ಮರುದಿನಕ್ಕೆ ಹೋದರೆ ಈ ಇಬ್ಬರು ಅದಲುಬದಲು" ಅಂತಲೋ ಮೊದಲೇ ಹೇಳಿಬಿಡಬೇಕು. ಚಂದ್ರ ಕಂಡ ಮೇಲೆ ಫೋನ್ ಮಾಡ್ಕೊಂಡು ಕೂರೋಕಾಗಲ್ಲ.

ಇನ್ನು ತಿಂಗಳ ಅಂಚು. ಅಕ್ಟೋಬರ್ ಹಾಳೆಯ ಕೊನೆಯ ರಾತ್ರಿ ನವೆಂಬರ್ ಬೆಳಗ್ಗೆಗೆ ಮುಗಿಯುತ್ತೆ. ಹೊಸ ಹಾಳೆ ಅಂಟಿಸಿದ ಕ್ಷಣಕ್ಕೆ ಆ ರಾತ್ರಿ ಗೋಡೆಯಿಂದಲೇ ಮಾಯ. ಇದಕ್ಕೆ ಪರಿಹಾರ ಸುಲಭ, ಆದರೆ ಹನ್ನೊಂದು ವರ್ಷದಲ್ಲಿ ನಾನು ಮಾಡಿರಲಿಲ್ಲ: ಹೊಸ ಹಾಳೆಯ ಮೊದಲ ಕಾಲಮ್ ಹಿಂದಿನ ತಿಂಗಳ ಕೊನೆಯ ದಿನವೇ ಆಗಿರಬೇಕು. ನವೆಂಬರ್ ಲಿಸ್ಟ್ 31ರಿಂದ ಶುರು. ಒಂದು ದಿನ ಎರಡು ಹಾಳೆಯಲ್ಲೂ ಇರುತ್ತೆ, ಇರಲಿ.

ಈಗ ಅದಲುಬದಲಿನ ವಿಷಯ. ಗೊಂದಲ ಹೆಚ್ಚು ಹುಟ್ಟೋದು ಇಲ್ಲೇ. ಲಿಸ್ಟ್ ಬರೆದ ದಿನ ಎಲ್ಲವೂ ಸ್ಪಷ್ಟ, ಆಮೇಲೆ ಗ್ರೂಪಲ್ಲಿ "ಅಡ್ಜಸ್ಟ್", "ಓಕೆ", "ಥ್ಯಾಂಕ್ಸ್ ಅಕ್ಕ" ಬಂದು ಸೇರುತ್ತೆ. ನಾಲ್ಕು ದಿನ ಕಳೆದರೆ ಆ ಮೆಸೇಜು ಮೇಲೆಲ್ಲೋ ಹೋಗಿ, ಹುಟ್ಟುಹಬ್ಬದ ಕೇಕಿನ ಫೋಟೋಗಳ ಅಡಿಯಲ್ಲಿ ಇರುತ್ತೆ. ನನ್ನ ಹೆಬ್ಬೆರಳಿನ ಅರ್ಥ "ನೋಡಿದೆ" ಅಂತಲೋ "ಒಪ್ಪಿದೆ" ಅಂತಲೋ, ನನಗೇ ಗೊತ್ತಿರಲಿಲ್ಲ. ಇಬ್ಬರೂ ಒಪ್ಪಿದೆ ಅಂತ ಓದಿದರು.

ಈಗ ಕೇಳೋದು ಗ್ರೂಪಲ್ಲಿ ಕೇಳಲಿ, ಅಡ್ಡಿಯಿಲ್ಲ. ಒಪ್ಪಿದವರು ಮಾತ್ರ ಒಂದು ಮಾದರಿಯಲ್ಲಿ ನನಗೆ ಬರೆದು ಕಳಿಸಬೇಕು. ಯಾರ ಡ್ಯೂಟಿ, ಯಾವಾಗ ಶುರು, ಯಾವಾಗ ಮುಗಿಯೋದು, ಯಾರು ತಗೋತಾರೆ, ಬದಲಿಗೆ ಅವರ ಯಾವ ಡ್ಯೂಟಿ ಇವರಿಗೆ. ಅದನ್ನ ನೋಡಿ ನಾನು ಗೋಡೆ ಹಾಳೆಯಲ್ಲಿ ಹಳೇ ಹೆಸರನ್ನ ಕಾಣೋ ಹಾಗೆ ಗೀಟು ಎಳೆದು ಹೊಸ ಹೆಸರು ಬರೆದು ಸಹಿ ಹಾಕ್ತೀನಿ. ಸಹಿ ಬೀಳೋವರೆಗೆ ಡ್ಯೂಟಿ ಹಳೇ ಹೆಸರಿನವರದೇ. ಈ ಒಂದು ಸಾಲು ಬರೆದು ಹಾಕಿದ ಮೇಲೆ ಎಷ್ಟೋ ಜಗಳ ತಪ್ಪಿದೆ. ಯಾಕಂದ್ರೆ ಮಾತುಕತೆ ಅರ್ಧಕ್ಕೆ ನಿಂತಾಗ ಡ್ಯೂಟಿ ಯಾರ ತಲೆ ಮೇಲಿದೆ ಅನ್ನೋದಕ್ಕೆ ಯಾವಾಗಲೂ ಒಂದೇ ಉತ್ತರ ಇರುತ್ತೆ.

ಬದಲು ಡ್ಯೂಟಿ ಕೇಳೋದು ಯಾಕೆ ಅಂದ್ರೆ, ಖ ಅವರಿಗೆ ಆ ನೈಟ್ ಆದ ಮೇಲೆ ಬೆಳಗ್ಗೆ 8ಕ್ಕೆ ಮತ್ತೆ ಮಾರ್ನಿಂಗ್ ಇದೆಯಾ ಅಂತ ನೋಡಬೇಕಲ್ಲ. ಅಡ್ಜಸ್ಟ್ ಮಾಡ್ಕೊಳ್ಳೋರು ಆ ಒಂದು ರಾತ್ರಿ ಮಾತ್ರ ನೋಡ್ತಾರೆ. ಹದಿನೆಂಟು ಗಂಟೆ ಸತತ ಡ್ಯೂಟಿ ಹೀಗೇ ಹುಟ್ಟೋದು.

ಹಾಳೆಯ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳೋ ಅಭ್ಯಾಸ ಎಲ್ಲರಿಗೂ ಇದೆ. ಬೇಡ ಅನ್ನೋಕಾಗಲ್ಲ. ಆದರೆ ಆ ಫೋಟೋ ಯಾವತ್ತಿನದು? ಅದಕ್ಕೆ ಹಾಳೆಯ ಮೇಲ್ಗಡೆ "ಕೊನೆಯ ತಿದ್ದುಪಡಿ: 28 ಅಕ್ಟೋಬರ್ ಸೋಮವಾರ ಸಂಜೆ 4" ಅಂತ ಬರೀತೀನಿ. ತಿದ್ದಿದಾಗೆಲ್ಲ ಅದೂ ಬದಲಾಗುತ್ತೆ, ಹೊಸ ಫೋಟೋ ಗ್ರೂಪಿಗೆ ಹೋಗುತ್ತೆ. ಇಬ್ಬರ ಫೋನಲ್ಲಿ ಎರಡು ಥರ ಇದ್ದರೆ ಯಾವುದು ನಂತರದ್ದು ಅಂತ ಜಗಳ ಆಡಬೇಕಿಲ್ಲ.

ರಜೆ ಹಾಳೆ ಬರೆಯೋಕೆ ಮೊದಲು ಒಂದು ಲೆಕ್ಕ ಹಾಕಬೇಕು, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ದಿನಕ್ಕೆ ಐದು ಡ್ಯೂಟಿ, ನಾಲ್ಕು ದಿನಕ್ಕೆ ಇಪ್ಪತ್ತು. ನಮ್ಮ ವಾರ್ಡಲ್ಲಿ ಏಳು ಸಿಸ್ಟರ್. ದೀಪಾವಳಿಗೆ ಏಳೂ ಜನ ರಜೆ ಕೇಳ್ತಾರೆ, ಇಬ್ಬರಿಗೆ ಕೊಟ್ಟೆ ಅಂದ್ಕೊಳ್ಳಿ. ಉಳಿದವರು ಐದು. ಐದು ನಾಲ್ಕಲಿ ಇಪ್ಪತ್ತು, ಸರಿಹೋಯ್ತು ಅನಿಸುತ್ತೆ. ನೈಟ್ ಮಾಡಿದವರು ಮರುದಿನ ಬೆಳಗ್ಗೆಯೂ ಬರೋಕಾಗಲ್ಲ, ಮಧ್ಯಾಹ್ನ ಎರಡಕ್ಕೂ ಬರೋಕಾಗಲ್ಲ. ಹಾಗಾಗಿ ಒಬ್ಬರೇ ನಾಲ್ಕೂ ನೈಟ್ ಮಾಡಬೇಕು. ಉಳಿದ ನಾಲ್ವರು ನಾಲ್ಕೂ ದಿನ ಬರಬೇಕು, ಒಬ್ಬರಿಗೂ ವೀಕ್ಲಿ ಆಫ್ ಇಲ್ಲ. ಹಾಳೆಯಲ್ಲಿ ಎಲ್ಲ ಚೌಕ ತುಂಬಿರುತ್ತೆ, ನೋಡೋಕೆ ಪೂರ್ತಿ ಕಾಣುತ್ತೆ. ಅದರಲ್ಲಿ ಒಬ್ಬರಿಗೆ ಜ್ವರ ಬಂದರೆ ಆರನೆಯವರು ಇಲ್ಲ.

ಆ ಆರನೆಯವರನ್ನ ಎಲ್ಲಿಂದ ತರೋದು? ರಜೆ ದಿನ ಒಪಿಡಿ ಮುಚ್ಚಿರುತ್ತೆ, ಅಲ್ಲಿ ಇಬ್ಬರು ಸಿಸ್ಟರ್ ಇದ್ದಾರೆ. ಅವರಲ್ಲಿ ಒಬ್ಬೊಬ್ಬರು ಎರಡೆರಡು ಬೆಳಗ್ಗೆ ವಾರ್ಡಿಗೆ ಬಂದರೆ ನಮ್ಮವರಿಗೆ ನಾಲ್ಕು ಆಫ್ ಸಿಗುತ್ತೆ. ಬೆಳಗಿನ ಹೊತ್ತೇ ಯಾಕೆ ಅಂದ್ರೆ, ಪ್ಲಾನ್ ಮಾಡಿದ ಆಪರೇಷನ್ ಇರಲ್ಲ, ಡಿಸ್ಚಾರ್ಜ್ ಕಮ್ಮಿ, ಜೊತೆಗೆ ವಾರ್ಡ್ ಗೊತ್ತಿರೋ ಇನ್ನೊಬ್ಬರು ಇರ್ತಾರೆ. ಸಂಜೆಗೆ ಹೊಸಬರನ್ನ ಹಾಕಲ್ಲ. ದೀಪಾವಳಿ ಸಂಜೆ ಪಟಾಕಿ ಗಾಯ ಬರುತ್ತೆ. ಒಪಿಡಿ ಸಿಸ್ಟರಿಗೆ ಎಮರ್ಜೆನ್ಸಿ ಟ್ರೇ ಎಲ್ಲಿದೆ, ಔಷಧಿ ಬೀರುವಿನ ಬೀಗದ ಕೈ ಯಾರ ಹತ್ರ ಅಂತ ಹಿಂದಿನ ದಿನವೇ ತೋರಿಸಿರಬೇಕು. ಇದನ್ನೂ ಹಾಳೆಯಲ್ಲೇ ಬರೀತೀನಿ: ಯಾರು ತೋರಿಸ್ತಾರೆ, ಎಷ್ಟು ಗಂಟೆಗೆ.

ಸ್ಟ್ಯಾಂಡ್‌ಬೈ ಅನ್ನೋ ಪದದ ಬಗ್ಗೆ ಹೇಳಲೇಬೇಕು. ಮೊದಲೆಲ್ಲ ಹಾಳೆಯ ಮೂಲೆಯಲ್ಲಿ "ಸ್ಟ್ಯಾಂಡ್‌ಬೈ: ಸಿಸ್ಟರ್ ಗ" ಅಂತ ಬರೆದು ಬಿಡ್ತಿದ್ದೆ. ಒಬ್ಬರಿಗೆ ಅದು "ಮನೇಲೇ ಇರಬೇಕು", ಇನ್ನೊಬ್ಬರಿಗೆ "ಫೋನ್ ಬಂದ್ರೆ ನೋಡೋಣ". ಒಮ್ಮೆ ಸ್ಟ್ಯಾಂಡ್‌ಬೈ ಇದ್ದವರು ಎಪ್ಪತ್ತು ಕಿಲೋಮೀಟರ್ ದೂರದ ತವರಲ್ಲಿದ್ದರು. ಅವರನ್ನ ಬೈಯೋಕಾಗಲಿಲ್ಲ, ಎಲ್ಲಿರಬೇಕು ಅಂತ ನಾನು ಬರೆದೇ ಇರಲಿಲ್ಲ. ಈಗ ಬರೀತೀನಿ: ಊರಲ್ಲೇ ಇರಬೇಕು, ಫೋನ್ ಸೈಲೆಂಟಲ್ಲಿ ಇರಬಾರದು, ಕರೆದ ನಲವತ್ತು ನಿಮಿಷಕ್ಕೆ ವಾರ್ಡಲ್ಲಿರಬೇಕು, ಇದು ಸಂಜೆ 7ರಿಂದ 9ರವರೆಗೆ ಮಾತ್ರ. ಆ ಎರಡು ಗಂಟೆ ಯಾಕೆ ಅಂದ್ರೆ, ನೈಟಿಗೆ ಯಾರೂ ಬರದೇ ಇರೋದು ಗೊತ್ತಾಗೋದು ಆಗಲೇ. ಒಂಬತ್ತಾದ ಮೇಲೆ ಅವರು ನಿಶ್ಚಿಂತೆಯಿಂದ ಮಲಗಬಹುದು, ನಡುರಾತ್ರಿ ಏನಾದರೂ ಆದರೆ ಅದು ನನ್ನ ತಲೆನೋವು. ಹೀಗೆ ಮಿತಿ ಹಾಕಿದ ಮೇಲೆ ಸ್ಟ್ಯಾಂಡ್‌ಬೈಗೆ ಒಪ್ಪೋರು ಜಾಸ್ತಿ ಆದರು. ಇಡೀ ದಿನ ಕಟ್ಟಿಹಾಕಿದರೆ ಯಾರು ಒಪ್ತಾರೆ?

ಆ ಆರು ತಿಂಗಳ ಹುಡುಗಿ ಫೋನ್ ಮಾಡೋಕೆ ಹಿಂಜರಿದಳಲ್ಲ, ಅದು ನನ್ನನ್ನ ಇವತ್ತಿಗೂ ಕಾಡುತ್ತೆ. ನೀವೆಲ್ಲ ಹೊಸದಾಗಿ ಕೆಲಸಕ್ಕೆ ಸೇರಿದವರು ಇರಬಹುದು, ನಿಮಗೆ ಗೊತ್ತಿರುತ್ತೆ, ದೊಡ್ಡವರಿಗೆ ಹಬ್ಬದ ರಾತ್ರಿ ಫೋನ್ ಮಾಡೋದು ಎಷ್ಟು ಕಷ್ಟ ಅಂತ. "ತೊಂದರೆ ಇದ್ದರೆ ತಿಳಿಸಿ" ಅಂತ ಬರೆದರೆ ಹೊಸಬರು ತಿಳಿಸಲ್ಲ. ಇದು ತೊಂದರೆನಾ ಅಲ್ವಾ ಅಂತ ಅವರೇ ತೀರ್ಮಾನ ಮಾಡಬೇಕಾಗುತ್ತೆ. ಗಂಟೆ ಬರೆದರೆ ತಿಳಿಸ್ತಾರೆ. ನಮ್ಮ ಹಾಳೆಯಲ್ಲಿ ಈಗ ಹೀಗಿದೆ: "8.10ಕ್ಕೆ ಬದಲಿ ಬಂದಿಲ್ಲದಿದ್ದರೆ ಅವರಿಗೆ ಫೋನ್ ಮಾಡಿ. 8.20ಕ್ಕೆ ಸ್ಟ್ಯಾಂಡ್‌ಬೈಗೆ. 8.30ಕ್ಕೆ ಇನ್‌ಚಾರ್ಜಿಗೆ. ಇನ್‌ಚಾರ್ಜ್ ಎತ್ತದಿದ್ದರೆ ಡ್ಯೂಟಿ ಡಾಕ್ಟರಿಗೆ ಹೇಳಿ. ಫೋನ್ ಮಾಡಲೇಬೇಕು, ಕೇಳುವ ಅಗತ್ಯ ಇಲ್ಲ." ಪಕ್ಕದಲ್ಲೇ ನಾಲ್ಕೂ ನಂಬರ್.

ಬದಲಿ ಬಂದು ಬೆಡ್ ಬೆಡ್ಡಿಗೂ ಹೋಗಿ ಹ್ಯಾಂಡೋವರ್ ತಗೊಳ್ಳೋವರೆಗೆ ಇಬ್ಬರಲ್ಲಿ ಒಬ್ಬರು ವಾರ್ಡ್ ಬಿಡೋ ಹಾಗಿಲ್ಲ. ಯಾರು ಅನ್ನೋದನ್ನೂ ಹಾಳೆ ಹೇಳುತ್ತೆ, ಹೆಸರಿನ ಮುಂದೆ ಒಂದು ಚುಕ್ಕಿ. ಕೊನೆ ಬಸ್ಸಿರೋರಿಗೆ ಆ ಚುಕ್ಕಿ ಹಾಕಲ್ಲ. ಆದರೆ ಉಳಿದವರನ್ನ ಬೆಳಗ್ಗೆವರೆಗೆ ಕೂರಿಸೋಕೂ ಆಗಲ್ಲ. ಹತ್ತು ಗಂಟೆ ಒಳಗೆ ಅವರನ್ನ ಬಿಡಿಸೋದು ಇನ್‌ಚಾರ್ಜ್ ಜವಾಬ್ದಾರಿ, ಅಂದರೆ ಬೇರೆ ಯಾರೂ ಸಿಗದಿದ್ದರೆ ನಾನೇ ಬರಬೇಕು. ಅದನ್ನ ನನ್ನ ಹೆಸರಲ್ಲೇ ಬರೆದಿದ್ದೀನಿ. ಮನೆಯವರಿಗೆ ಅಷ್ಟೇನೂ ಇಷ್ಟವಾಗಲಿಲ್ಲ.

ಡಾಕ್ಟರ್, ಲ್ಯಾಬ್, ಫಾರ್ಮಸಿ, ಆ್ಯಂಬುಲೆನ್ಸ್ ಡ್ರೈವರ್ ಲಿಸ್ಟ್ ಬೇರೆ ಬೇರೆಯವರು ಬರೀತಾರೆ. ಅವರ ರಜೆ ದಿನದ ಹೆಸರು, ನಂಬರ್ ಅಷ್ಟನ್ನ ನಮ್ಮ ಹಾಳೆಯ ಕೆಳಗೆ ಎತ್ತಿ ಬರೆದುಕೊಳ್ತೀನಿ.

ಹಾಳೆ ಬರೆದಾದ ಮೇಲೆ ಅದು ಸರಿಯಿದೆಯಾ ಅಂತ ಸಿಸ್ಟರುಗಳನ್ನ ಕೇಳಲ್ಲ. ಅವರಿಗೆ ಮೊದಲೇ ಗೊತ್ತಿರುತ್ತೆ, ಹಾಳೆಯಲ್ಲಿ ಇಲ್ಲದ್ದನ್ನೂ ಓದಿಬಿಡ್ತಾರೆ. ಗೇಟಿನ ಸೆಕ್ಯುರಿಟಿ ಅಣ್ಣನ ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳ್ತೀನಿ: ಶನಿವಾರ ಬೆಳಗಿನ ಜಾವ ಮೂರು ಗಂಟೆಗೆ ವಾರ್ಡಲ್ಲಿ ಯಾರಿರ್ತಾರೆ? ಮೂರು ಗಂಟೆ ಅಂತ ಬೇಕಂತಲೇ ಕೇಳೋದು. ಅದು ಶುಕ್ರವಾರ ರಾತ್ರಿಯ ಡ್ಯೂಟಿ. ಒಂದು ಹೆಸರು ತಕ್ಷಣ ಬಂದರೆ ಸರಿ. ಅವರು ತಲೆ ಕೆರೆದುಕೊಂಡರೆ, ಎರಡು ಹೆಸರು ಹೇಳಿದರೆ, ಆ ಸಾಲನ್ನ ಮತ್ತೆ ಬರೀತೀನಿ.

2025ರ ದೀಪಾವಳಿಗೆ ಈ ಪರೀಕ್ಷೆಯಲ್ಲೇ ಒಂದು ತಪ್ಪು ಸಿಕ್ಕಿತು. ಆ ವರ್ಷ ಅಕ್ಟೋಬರ್ 20 ಸೋಮವಾರ ನರಕ ಚತುರ್ದಶಿ ರಜೆ, 22 ಬುಧವಾರ ಬಲಿಪಾಡ್ಯಮಿ ರಜೆ. ನಡುವಿನ 21 ಮಂಗಳವಾರ ರಜೆ ಪಟ್ಟಿಯಲ್ಲಿ ಇಲ್ಲ. ನಾನು ರಜೆ ಹಾಳೆಯಲ್ಲಿ ಸೋಮವಾರ, ಬುಧವಾರ ಎರಡೇ ಬರೆದಿದ್ದೆ, ಮಂಗಳವಾರ ತಿಂಗಳ ಚಾರ್ಟಲ್ಲಿ ಹೇಗೂ ಇದೆಯಲ್ಲ ಅಂತ. ಸೆಕ್ಯುರಿಟಿ ಅಣ್ಣ ಹಾಳೆಯನ್ನ ಮೇಲೆ ಕೆಳಗೆ ನೋಡಿ, "ಮಂಗಳವಾರ ಆಸ್ಪತ್ರೆ ಇಲ್ವಾ ಮೇಡಂ?" ಅಂದರು. ಹಾಳೆ ವಾಪಸ್ ತಗೊಂಡು ನಡುವೆ ಸೇರಿಸಿದೆ: "ಮಂಗಳವಾರ 21 ರಜೆ ಅಲ್ಲ. ಒಪಿಡಿ ಇದೆ. ಒಪಿಡಿ ಸಿಸ್ಟರುಗಳು ಈ ದಿನ ವಾರ್ಡಿಗೆ ಬರುವುದಿಲ್ಲ." ಅದರ ಕೆಳಗೆ ಆ ದಿನದ ಐದೂ ಹೆಸರು ಬರೆದು, ಮೇಲ್ಗಡೆ ತಿದ್ದುಪಡಿಯ ಗಂಟೆ ಬದಲಿಸಿ ಮತ್ತೆ ಅವರ ಕೈಗೇ ಕೊಟ್ಟೆ.